‘ಅಥವಾ’ ಎಲ್ಲಿ ಬರಬೇಕು?

ಗದಗ ಜಿಲ್ಲೆಯ ಶಿಕ್ಷಕ ಮಿತ್ರರೇ,

ಪ್ರಶ್ನೆಗಳನ್ನು ನೀವು ಚೆನ್ನಾಗಿಯೇ ಬರೆಯುತ್ತೀರಿ. ಪ್ರಶ್ನೆಪತ್ರಿಕೆಯ ಕರಡು ಎಡವುವುದು ಹೆಚ್ಚಾಗಿ ‘ಅಥವಾ’ ಬಂದಲ್ಲಿ. ಹಾಗಾಗಿ ಇಂದು ಅದನ್ನೇ ಹಿಡಿದು ಮಾತನಾಡುತ್ತೇನೆ.

ಸಮಾಜ ವಿಜ್ಞಾನದ 40 ಅಂಕಗಳ ಪತ್ರಿಕೆಯೊಂದು ಎದುರಿಗಿದೆ ಎಂದುಕೊಳ್ಳಿ. ನಾಲ್ಕು ವಿಭಾಗಗಳು: 8×1=8, 6×2=12, 4×3=12, 2×4=8. ಪ್ರಶ್ನೆಗಳು ಒಟ್ಟು ಇಪ್ಪತ್ತು. ಈ ಲೆಕ್ಕವನ್ನು ಆಯಾ ವಿಭಾಗದ ತಲೆಬರಹದ ಬಲಗಡೆ ಬರೆಯಿರಿ. ಕ್ರಮಸಂಖ್ಯೆಯನ್ನು ಪ್ರತಿ ವಿಭಾಗದಲ್ಲೂ ಒಂದರಿಂದ ಶುರುಮಾಡಬೇಡಿ. ಹಾಗೆ ಮಾಡಿದರೆ ಉತ್ತರ ಪತ್ರಿಕೆಯಲ್ಲಿ ‘ಪ್ರಶ್ನೆ 2’ ಎಂದು ನಾಲ್ಕು ಕಡೆ ಕಾಣುತ್ತದೆ.

ಕೊನೆಯ ಎರಡು ಪ್ರಶ್ನೆಗಳಲ್ಲಿ ಆಂತರಿಕ ಆಯ್ಕೆ ಇದೆ. 19ನೇ ಪ್ರಶ್ನೆಯ ಕರಡು ಹೀಗಿದೆ: ‘ಕಲ್ಯಾಣ ಚಾಲುಕ್ಯರ ವಾಸ್ತುಶಿಲ್ಪಕ್ಕೆ ಎರಡು ಉದಾಹರಣೆ ಕೊಡಿ. ಅಥವಾ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯನ್ನು ವಿವರಿಸಿ.’ ನಮ್ಮ ಮಕ್ಕಳು ಲಕ್ಕುಂಡಿ, ಡಂಬಳ ಎಂದು ಒಂದೇ ಸಾಲು ಬರೆದು ನಾಲ್ಕು ಅಂಕ ಪಡೆಯುತ್ತಾರೆ; ಕೆಳಗಿನದನ್ನು ಆರಿಸಿಕೊಂಡವರು ಒಂದು ಪುಟ ಬರೆಯಬೇಕು. ಇದು ಆಯ್ಕೆಯಲ್ಲ, ಅನ್ಯಾಯ. ‘ವಾಸ್ತುಶಿಲ್ಪದ ನಾಲ್ಕು ಲಕ್ಷಣಗಳನ್ನು ತಿಳಿಸಿ’, ‘ವಿಕ್ರಮಾದಿತ್ಯನ ನಾಲ್ಕು ಸಾಧನೆಗಳನ್ನು ತಿಳಿಸಿ’ ಎಂದು ತಿದ್ದಿದರೆ ಎರಡಕ್ಕೂ ಅಂಶಕ್ಕೊಂದು ಅಂಕ ಸಿಗುತ್ತದೆ. ಎರಡೂ ಒಂದೇ ಘಟಕದವು ಎಂಬುದನ್ನೂ ಗಮನಿಸಿ. ವಿಕ್ರಮಾದಿತ್ಯನ ಜಾಗದಲ್ಲಿ ಮಣ್ಣಿನ ಸವಕಳಿಯ ಪ್ರಶ್ನೆ ಇಟ್ಟರೆ, ನೀಲನಕ್ಷೆಯಲ್ಲಿ ಇತಿಹಾಸಕ್ಕೆ ಕೊಟ್ಟ ನಾಲ್ಕು ಅಂಕಗಳನ್ನು ವಿದ್ಯಾರ್ಥಿ ಭೂಗೋಳಕ್ಕೆ ಸಾಗಿಸಿಬಿಡಬಹುದು.

ಎರಡು ಪರ್ಯಾಯಗಳಿಗೂ ಸಂಖ್ಯೆ ಒಂದೇ, 19. ‘ಅಥವಾ’ ಪ್ರತ್ಯೇಕ ಸಾಲಿನ ನಡುವೆ ನಿಲ್ಲಲಿ. ಕಂಪ್ಯೂಟರಿನಲ್ಲಿ ಸ್ವಯಂಚಾಲಿತ ಸಂಖ್ಯೆ ಹಾಕಿಕೊಂಡು ಎಂಟರ್ ಒತ್ತಿದರೆ ‘ಅಥವಾ’ಗೇ 20 ಬಂದು ಕೂರುತ್ತದೆ! ಅಲ್ಲಿ Shift+Enter ಒತ್ತಬೇಕು. ಕರಡು ಮುಗಿದ ಮೇಲೆ ಕೊನೆಯ ಸಂಖ್ಯೆಯನ್ನು ನೋಡಿ. 8, 6, 4, 2 ಕೂಡಿದರೆ 20. ಪತ್ರಿಕೆ 22ಕ್ಕೆ ಮುಗಿದಿದ್ದರೆ ಪರ್ಯಾಯಗಳಿಗೂ ಸಂಖ್ಯೆ ಬಿದ್ದಿದೆ ಎಂದರ್ಥ.

ಸೂಚನೆಯಲ್ಲಿ ‘ಎಲ್ಲ ಪ್ರಶ್ನೆಗಳು ಕಡ್ಡಾಯ’ ಎಂದಷ್ಟೇ ಬರೆದರೆ ಎರಡು ಪರ್ಯಾಯಗಳಿಗೂ ಉತ್ತರಿಸಿ ಸಮಯ ಕಳೆಯುವ ಮಕ್ಕಳಿದ್ದಾರೆ. ‘19 ಮತ್ತು 20, ಈ ಪ್ರತಿ ಪ್ರಶ್ನೆಯಲ್ಲೂ ಕೊಟ್ಟಿರುವ ಎರಡು ಪರ್ಯಾಯಗಳಲ್ಲಿ ಒಂದಕ್ಕೆ ಮಾತ್ರ ಉತ್ತರಿಸಿ’ ಎಂದು ಸೇರಿಸಿ, ಅದನ್ನೇ ನಾಲ್ಕನೇ ವಿಭಾಗದ ತಲೆಬರಹದ ಕೆಳಗೂ ಹಾಕಿ. ಮೊದಲ ಪುಟದ ಸೂಚನೆ ಅಲ್ಲಿಯವರೆಗೆ ಯಾರಿಗೆ ನೆನಪಿರುತ್ತದೆ? ಆದರೂ ಯಾರಾದರೂ ಎರಡನ್ನೂ ಬರೆದರೆ ಯಾವುದಕ್ಕೆ ಅಂಕ ಎಂಬುದನ್ನು ಮಾದರಿ ಉತ್ತರದ ಜೊತೆಗೇ ತೀರ್ಮಾನಿಸಿಡಿ. ಇಲ್ಲದಿದ್ದರೆ ಒಬ್ಬೊಬ್ಬ ಮೌಲ್ಯಮಾಪಕರು ಒಂದೊಂದು ರೀತಿ ಕೊಡುತ್ತಾರೆ.

ಇನ್ನು ಪುಟದ ವಿಚಾರ. ಮೊದಲ ಪರ್ಯಾಯ ಪುಟದ ತಳದಲ್ಲಿ ಮುಗಿದು ‘ಅಥವಾ’ ಹಿಂಬದಿಗೆ ಹೋದರೆ, ಎಷ್ಟೋ ಮಕ್ಕಳಿಗೆ ಆಯ್ಕೆ ಇರುವುದೇ ತಿಳಿಯುವುದಿಲ್ಲ. ಜಾಗ ಸಾಲದಿದ್ದರೆ 19ನೇ ಪ್ರಶ್ನೆಯನ್ನು ಇಡಿಯಾಗಿ ಮುಂದಿನ ಪುಟಕ್ಕೆ ತಳ್ಳಿ. ತಳದಲ್ಲಿ ಖಾಲಿ ಉಳಿಯಲಿ, ‘ಪುಟ ತಿರುಗಿಸಿ’ ಎಂದು ಬರೆಯಲು ಅದು ಬೇಕೇ ಬೇಕು.