ದರ ಇಳಿಸುವ ಮೊದಲು ನಾಲ್ಕು ಮನೆಯ ಲೆಕ್ಕ

ಕೇಳುಗರಿಗೆ ನಮಸ್ಕಾರ. ಕೋಲಾರದ ಒಂದು ಬಡಾವಣೆಯಲ್ಲಿ ಕುಡಿಯುವ ನೀರಿನ ಘಟಕಗಳು ಎರಡೇ ಇವೆ, ಅವುಗಳಲ್ಲಿ ಒಂದು ನಿಮ್ಮದು ಎಂದುಕೊಳ್ಳೋಣ. ಇಬ್ಬರೂ 20 ಲೀಟರಿನ ಕ್ಯಾನನ್ನು 40 ರೂಪಾಯಿಗೆ ಮನೆ ಬಾಗಿಲಿಗೆ ತಲುಪಿಸುತ್ತೀರಿ. ದಿನಕ್ಕೆ ತಲಾ 200 ಕ್ಯಾನ್ ಹೋಗುತ್ತದೆ. ಕ್ಯಾನಿಗೆ 25 ರೂಪಾಯಿ ಖರ್ಚು ಬೀಳುವುದರಿಂದ ದಿನದ ಕೊನೆಗೆ ಕೈಗೆ ಉಳಿಯುವುದು 3000 ರೂಪಾಯಿ. ಈಗ ನೀವು ದರವನ್ನು 35ಕ್ಕೆ ಇಳಿಸಬೇಕೆಂದಿದ್ದೀರಿ.

ಆಟದ ಸಿದ್ಧಾಂತದಲ್ಲಿ ಪ್ರತಿಫಲ ಕೋಷ್ಟಕವೆಂಬುದೊಂದಿದೆ. ಚೌಕಾಬಾರಕ್ಕೆ ಗೆರೆ ಎಳೆಯುವಂತೆ ಹಾಳೆಯ ಮೇಲೆ ಎರಡು ಸಾಲಿನಲ್ಲಿ ನಾಲ್ಕು ಮನೆ ಬರೆದು, ಪ್ರತಿ ಮನೆಯಲ್ಲೂ ಮೊದಲು ನಿಮ್ಮ ಲಾಭ, ಆಮೇಲೆ ಎದುರಿನವರ ಲಾಭ ಬರೆಯಿರಿ. ಇಬ್ಬರೂ 40ರಲ್ಲೇ ಇದ್ದರೆ ಇಬ್ಬರಿಗೂ 3000. ನೀವೊಬ್ಬರೇ ಇಳಿಸಿದಾಗ ಅವರ 120 ಕ್ಯಾನ್‌ಗಳ ವ್ಯಾಪಾರ ನಿಮ್ಮ ಕಡೆ ತಿರುಗಿ, ಹೊಸದಾಗಿ 40 ಸೇರಿದರೆ, 360 ಕ್ಯಾನಿಗೆ ಹತ್ತರಂತೆ ನಿಮಗೆ 3600 ಬರುತ್ತದೆ. ಅವರಿಗೆ ಉಳಿದ 80 ಕ್ಯಾನಿನಿಂದ 1200 ಮಾತ್ರ. ಅವರೊಬ್ಬರೇ ಇಳಿಸಿದರೆ ಇದೇ ಅಂಕಿಗಳು ತಿರುಗುಮುರುಗು. ಇಬ್ಬರೂ ಇಳಿಸಿದರೆ ತಲಾ 220 ಕ್ಯಾನ್ ಹೋಗಿ ಇಬ್ಬರಿಗೂ 2200.

ಇನ್ನು ಕುರ್ಚಿ ಬದಲಿಸಿ, ಎದುರಿನವರ ಅಂಕಿಗಳನ್ನಷ್ಟೇ ಓದಿ. ನೀವು ಇಳಿಸಿದ ಮೇಲೆ ಸುಮ್ಮನಿದ್ದರೆ ಅವರಿಗೆ 1200, ತಾವೂ ಇಳಿಸಿದರೆ 2200. ಅವರು ಇಳಿಸಿಯೇ ಇಳಿಸುತ್ತಾರೆ. ಹಾಗಾಗಿ 3600 ಎಂಬುದು ಅವರು ಎಚ್ಚೆತ್ತುಕೊಳ್ಳುವವರೆಗಿನ ಮಾತು. ಅದಕ್ಕೆ ಐದು ದಿನ ಹಿಡಿದರೂ ನಿಮಗೆ ಹೆಚ್ಚು ಸಿಗುವುದು ಒಟ್ಟು 3000 ರೂಪಾಯಿ, ಆಮೇಲೆ ದಿನಕ್ಕೆ 800ರಂತೆ ಕಳೆದುಕೊಳ್ಳುತ್ತ ಹೋದರೆ ನಾಲ್ಕು ದಿನದೊಳಗೆ ಅದೂ ಕರಗಿಹೋಗುತ್ತದೆ.

ಆದರೆ ಇಲ್ಲೊಂದು ತಪ್ಪು ನುಸುಳಿದೆ, ಅನುಭವಸ್ಥ ವ್ಯಾಪಾರಿಗಳೂ ಇದನ್ನೇ ಮಾಡುತ್ತಾರೆ: ಎದುರಿನವರ ಲಾಭವನ್ನು ನಾವು ನಮ್ಮ ಖರ್ಚಿನಿಂದ ಲೆಕ್ಕ ಹಾಕಿದ್ದೇವೆ. ಅವರ ಕೊಳವೆಬಾವಿ ಬತ್ತಿ, ಟ್ಯಾಂಕರ್ ನೀರು ಕೊಳ್ಳುತ್ತಿದ್ದು, ಕ್ಯಾನಿಗೆ 33 ರೂಪಾಯಿ ಬೀಳುತ್ತಿದೆ ಎನ್ನಿ. ಆಗ ನಿಮ್ಮ ಜೊತೆ ಇಳಿಸಿದರೆ 220 ಕ್ಯಾನಿಗೆ ಎರಡೆರಡು ರೂಪಾಯಿಯಂತೆ ಅವರಿಗೆ 440. ಇಳಿಸದೆ 80 ಕ್ಯಾನಿಗೆ ಏಳರಂತೆ ಮಾರಿಕೊಂಡರೆ 560. ಅವರು ಕದಲುವುದಿಲ್ಲ, ನಿಮ್ಮ 3600 ನಿಲ್ಲುತ್ತದೆ. ಮುಂಜಾನೆ ಅವರ ಗೇಟಿನ ಮುಂದೆ ಎಷ್ಟು ಟ್ಯಾಂಕರ್ ನಿಲ್ಲುತ್ತವೆಂದು ಒಂದು ವಾರ ಎಣಿಸಿದರೆ ಈ ಅಂಕಿಯ ಅಂದಾಜು ಸಿಗುತ್ತದೆ.

ಅವರು ಸುಮ್ಮನಿರಲು ಇನ್ನೊಂದು ಕಾರಣವಿರಬಹುದು. ತಿಂಗಳ ಲೆಕ್ಕದ ಹೋಟೆಲುಗಳೇ ಅವರ ಗಿರಾಕಿಗಳಾಗಿದ್ದರೆ ಅವರಿಂದ 20 ಕ್ಯಾನ್ ಮಾತ್ರ ನಿಮ್ಮತ್ತ ತಿರುಗೀತು. ಅವರಿಗೆ ಹೆದರಿಕೆಯಿಲ್ಲ ನಿಜ, ಆದರೆ ನಿಮಗೂ ಲಾಭವಿಲ್ಲ: ಹೊಸ 40 ಸೇರಿದರೂ 260 ಕ್ಯಾನಿಗೆ 2600. ಹದಿನೈದರ ಬದಲು ಹತ್ತು ರೂಪಾಯಿ ಉಳಿಸಿಕೊಂಡು ಹಳೆಯ 3000 ಮುಟ್ಟಬೇಕಾದರೆ ದಿನಕ್ಕೆ 300 ಕ್ಯಾನ್ ಹೋಗಲೇಬೇಕು.

ಕೋಷ್ಟಕವನ್ನು ಬರೆದ ದಿನಾಂಕವನ್ನೂ ಹಾಳೆಯ ಮೂಲೆಯಲ್ಲಿ ಗುರುತು ಹಾಕಿಕೊಳ್ಳಿ. ಒಳ್ಳೆಯ ಮಳೆಯಾಗಿ ಅವರ ಕೊಳವೆಬಾವಿಗೆ ನೀರು ಬಂದರೆ 33 ಮತ್ತೆ 25 ಆಗುತ್ತದೆ, ಆ ವಾರವೇ ಅವರ ಫಲಕದಲ್ಲೂ 35 ಕಾಣಿಸಿಕೊಳ್ಳುತ್ತದೆ. ನಮಸ್ಕಾರ.