ಕೃತಜ್ಞತೆಯ ಪುಟದಲ್ಲಿ ಎಲ್ಲ ಋಣ ತೀರುವುದಿಲ್ಲ

ನಮಸ್ಕಾರ. ಯಾವುದಾದರೂ ಪಿಎಚ್‌ಡಿ ಮಹಾಪ್ರಬಂಧದ ಮೊದಲ ಹತ್ತು ಪುಟ ತೆಗೆದು ಓದಿ. ಘೋಷಣೆಯ ಪುಟದಲ್ಲಿ ‘ಇದು ನನ್ನ ಸ್ವಂತ ಸಂಶೋಧನೆಯ ಫಲ’ ಅಂತ ವಿದ್ಯಾರ್ಥಿಯ ಸಹಿ ಇರುತ್ತದೆ. ಎರಡು ಹಾಳೆ ಮಗುಚಿದರೆ ಕೃತಜ್ಞತೆಗಳು ಶುರು. ಅಲ್ಲಿ ‘ಅಂಕಿಅಂಶಗಳ ವಿಶ್ಲೇಷಣೆ ಮಾಡಿಕೊಟ್ಟ ಗೆಳೆಯನಿಗೆ ಚಿರಋಣಿ’ ಅಂತ ಒಂದು ಸಾಲು. ವಿಶ್ಲೇಷಣೆ ಮಾಡಿದ್ದು ಗೆಳೆಯನಾದರೆ ಘೋಷಣೆ ಪೂರ್ತಿ ನಿಜವಲ್ಲ. ಘೋಷಣೆ ನಿಜವಾದರೆ ಗೆಳೆಯ ಮಾಡಿದ್ದು ಬೇರೇನೋ ಇರಬೇಕು. ವೈವಾದಲ್ಲಿ ಕೂತ ಪರೀಕ್ಷಕರು ಇವೆರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದರೆ ಏನು ಹೇಳುತ್ತೀರಿ?

ನೆರವು ಯಾವುದೇ ಇರಲಿ, ಎಲ್ಲವನ್ನೂ ಕೃತಜ್ಞತೆಯ ಪುಟಕ್ಕೆ ತುಂಬುವ ರೂಢಿ ನಮ್ಮಲ್ಲಿದೆ. ನನ್ನ ಪ್ರಕಾರ ಒಂದು ನೆರವು ಆ ಪುಟಕ್ಕೆ ಹೋಗಬೇಕಾದದ್ದು ಕೊನೆಗೆ, ಬೇರೆಲ್ಲೂ ಅದಕ್ಕೆ ಜಾಗವಿಲ್ಲ ಅಂತ ಖಾತ್ರಿಯಾದ ಮೇಲೆ. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಓದುವವರು ಇದರ ಮೂಲಕ್ಕೆ ಹೋಗಿ ಪರಿಶೀಲಿಸಬೇಕಾಗುತ್ತದೆಯೇ? ಹೌದಾದರೆ ಅದು ಉಲ್ಲೇಖ, ಬಳಸಿದ ವಾಕ್ಯದ ಪಕ್ಕದಲ್ಲೇ ಬರಬೇಕು. ಆಮೇಲಿನದು: ಈ ಭಾಗ ತಪ್ಪಾದರೆ ಜವಾಬು ಕೊಡಬೇಕಾದವರು ಯಾರು? ಆ ಜವಾಬು ಇನ್ನೊಬ್ಬರ ತಲೆಯ ಮೇಲೂ ಇದ್ದರೆ ಅದು ಕರ್ತೃತ್ವದ ವಿಷಯ. ಎರಡಕ್ಕೂ ‘ಇಲ್ಲ’ ಅಂತ ಬಂದರೆ ಮಾತ್ರ ಧನ್ಯವಾದ.

ಇಷ್ಟು ಹೇಳುವುದು ಸುಲಭ. ಒಂದು ಕಲ್ಪಿತ ಪ್ರಬಂಧ ಇಟ್ಟುಕೊಂಡು ನೋಡೋಣ. ತುಮಕೂರು ಕಡೆಯ ನಾಟಿ ರಾಗಿ ತಳಿಗಳಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಎಷ್ಟಿದೆ ಅನ್ನುವುದು ವಿಷಯ. ವಿದ್ಯಾರ್ಥಿನಿ ಹನ್ನೆರಡು ಹಳ್ಳಿಗಳಿಂದ ಮಾದರಿ ತಂದಿದ್ದಾಳೆ. ಅಳತೆ ಆದದ್ದು ಎಎಎಸ್ ಯಂತ್ರದಲ್ಲಿ, ಅಂದರೆ ಮಾದರಿಯನ್ನು ಜ್ವಾಲೆಗೆ ಹಾಯಿಸಿ ಧಾತುವಿನ ಪ್ರಮಾಣ ಅಳೆಯುವ ಅಟಾಮಿಕ್ ಅಬ್ಸಾರ್ಪ್ಶನ್ ಸ್ಪೆಕ್ಟ್ರೋಮೀಟರಿನಲ್ಲಿ. ಯಂತ್ರ ನಡೆಸಿದವರು ಲ್ಯಾಬಿನ ತಂತ್ರಜ್ಞರು.

ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ ಅನ್ನುವುದು ಗೊತ್ತಿರುವ ಸಂಗತಿ. ಆದರೆ ಇವಳ ಮೊದಲ ಅಳತೆಗಳು ಅದಕ್ಕಿಂತ ಬಹಳ ಕಡಿಮೆ ಬರುತ್ತವೆ. ತಂತ್ರಜ್ಞರು ನೋಡಿ ಹೇಳುತ್ತಾರೆ: ‘ಅಮ್ಮಾ, ರಾಗಿಯಲ್ಲಿ ಫಾಸ್ಫೇಟ್ ಜಾಸ್ತಿ. ಅದು ಜ್ವಾಲೆಯಲ್ಲಿ ಕ್ಯಾಲ್ಸಿಯಂನ ಹಿಡಿದುಕೊಂಡುಬಿಡುತ್ತೆ. ಲ್ಯಾಂಥನಮ್ ಹಾಕಿ ನೋಡಿ.’ ಹಾಕಿದ ಮೇಲೆ ಅಳತೆಗಳು ಸರಿಹೋಗುತ್ತವೆ. ಲ್ಯಾಂಥನಮ್ ಫಾಸ್ಫೇಟಿಗೆ ಅಂಟಿಕೊಂಡು ಕ್ಯಾಲ್ಸಿಯಂನ ಬಿಡಿಸಿಕೊಡುತ್ತದೆ.

ಇದಕ್ಕೆ ಹೆಸರು ಎಲ್ಲಿ? ಲ್ಯಾಂಥನಮ್ ಬಳಕೆ ಆ ತಂತ್ರಜ್ಞರು ಕಂಡುಹಿಡಿದದ್ದಲ್ಲ, ವಿಶ್ಲೇಷಣಾ ರಸಾಯನಶಾಸ್ತ್ರದ ಪಠ್ಯಗಳಲ್ಲಿ ಇರುವ ವಿಧಾನ. ಹಾಗಾಗಿ ವಿಧಾನದ ಅಧ್ಯಾಯದಲ್ಲಿ ‘ಇಷ್ಟು ಶೇಕಡಾ ಲ್ಯಾಂಥನಮ್ ಸೇರಿಸಲಾಯಿತು’ ಅನ್ನುವ ವಾಕ್ಯದ ಪಕ್ಕ ಅವಳು ತಾನೇ ತೆರೆದು ಓದಿದ ಪಠ್ಯದ ಉಲ್ಲೇಖ ಬರಬೇಕು. ಸಮಸ್ಯೆ ಗುರುತಿಸಿ ದಾರಿ ತೋರಿಸಿದ್ದಕ್ಕೆ ತಂತ್ರಜ್ಞರಿಗೆ ಕೃತಜ್ಞತೆ, ಅದೂ ‘ಸಹಕರಿಸಿದ’ ಅನ್ನುವ ಸವಕಲು ಮಾತಿನಲ್ಲಲ್ಲ, ‘ಎಎಎಸ್ ಅಳತೆ ನಡೆಸಿಕೊಟ್ಟು, ಫಾಸ್ಫೇಟಿನ ಅಡ್ಡಿಯನ್ನು ಗುರುತಿಸಿದ’ ಅಂತ. ಒಂದೇ ನೆರವು ಇಲ್ಲಿ ಎರಡು ಕಡೆ ಹಂಚಿಹೋಯಿತು: ಜ್ಞಾನಕ್ಕೆ ಉಲ್ಲೇಖ, ವ್ಯಕ್ತಿಗೆ ಧನ್ಯವಾದ. ಧನ್ಯವಾದ ಹೇಳಿ ಉಲ್ಲೇಖ ಬಿಟ್ಟರೆ, ಓದುವವರಿಗೆ ಲ್ಯಾಂಥನಮ್ ಎಷ್ಟು, ಯಾಕೆ ಅನ್ನುವುದಕ್ಕೆ ಆಧಾರವೇ ಸಿಗುವುದಿಲ್ಲ.

ಈಗ ಕಥೆ ಸ್ವಲ್ಪ ಬದಲಿಸೋಣ. ತಂತ್ರಜ್ಞರು ಮಾತಿನಲ್ಲಿ ಹೇಳಿ ಬಿಡಲಿಲ್ಲ. ಬೇರೆ ಬೇರೆ ಪ್ರಮಾಣದ ಲ್ಯಾಂಥನಮ್ ಹಾಕಿ ಪರೀಕ್ಷೆ ಮಾಡುವ ಯೋಜನೆ ತಾವೇ ಹಾಕಿದರು, ರಾಗಿಗೆ ಯಾವ ಪ್ರಮಾಣ ಸರಿ ಅಂತ ತೀರ್ಮಾನಿಸಿದರು. ಆ ಕೋಷ್ಟಕವೇ ಮುಂದೆ ಜರ್ನಲ್ ಲೇಖನದ ತಿರುಳಾಯಿತು. ಆಗ ಅವರು ಲೇಖನದ ಸಹಲೇಖಕರು. ಹುದ್ದೆ ತಂತ್ರಜ್ಞ ಅನ್ನುವ ಕಾರಣಕ್ಕೆ ಕೈಬಿಟ್ಟರೆ ಅದು ಅನ್ಯಾಯ, ಮತ್ತು ನಮ್ಮ ವಿಭಾಗಗಳಲ್ಲಿ ಯಾರೂ ಬಾಯಿಬಿಡದೆ ನುಂಗಿಕೊಳ್ಳುವ ಅನ್ಯಾಯ.

ವೈದ್ಯಕೀಯ ಜರ್ನಲ್ ಸಂಪಾದಕರ ಒಕ್ಕೂಟ ಐಸಿಎಂಜೆಇ ಲೇಖಕರಾಗಲು ನಾಲ್ಕು ಷರತ್ತು ಇಟ್ಟಿದೆ, ಬೇರೆ ಕ್ಷೇತ್ರದವರೂ ಅದನ್ನು ಅಳತೆಗೋಲಾಗಿ ಬಳಸುತ್ತಾರೆ. ಯೋಜನೆ, ದತ್ತಾಂಶ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲಿರಬೇಕು, ಕರಡು ಬರೆದಿರಬೇಕು ಅಥವಾ ವಿಮರ್ಶಿಸಿ ತಿದ್ದಿರಬೇಕು, ಅಂತಿಮ ರೂಪಕ್ಕೆ ಒಪ್ಪಿಗೆ ಕೊಟ್ಟಿರಬೇಕು, ಕೆಲಸಕ್ಕೆ ಹೊಣೆ ಹೊರಬೇಕು. ನಾಲ್ಕೂ ಬೇಕು. ‘ಅವರು ಕರಡು ಬರೆದಿಲ್ಲವಲ್ಲ’ ಅಂತ ಜಾರಿಕೊಳ್ಳುವವರು ಇದೇ ನಿಯಮ ತೋರಿಸುತ್ತಾರೆ. ಆದರೆ ಮೊದಲ ಷರತ್ತು ಪೂರೈಸಿದವರಿಗೆ ಉಳಿದವನ್ನು ಪೂರೈಸುವ ಅವಕಾಶ ಕೊಡಬೇಕು ಅಂತಲೂ ಅಲ್ಲೇ ಬರೆದಿದೆ. ಕರಡನ್ನು ಅವರಿಗೆ ಕಳಿಸಿ. ಕಳಿಸದೆ ಇದ್ದು ‘ಓದಲಿಲ್ಲ’ ಅನ್ನಬೇಡಿ. ಇನ್ನು ಬರೀ ಅನುದಾನ ತಂದುಕೊಟ್ಟದ್ದು, ವಿಭಾಗದ ಮುಖ್ಯಸ್ಥರಾಗಿರುವುದು, ಭಾಷೆ ತಿದ್ದಿದ್ದು, ಇವ್ಯಾವುವೂ ಅಷ್ಟರಿಂದಲೇ ಲೇಖಕರ ಪಟ್ಟಿಗೆ ಸೇರಿಸುವುದಿಲ್ಲ. ಸಾಹೇಬರಿಗೆ ಬೇಜಾರಾಗಬಹುದು, ಆಗಲಿ.

ಗೆಳೆಯನ ಅಂಕಿಅಂಶಕ್ಕೆ ಬರೋಣ. ಹೆಚ್ಚು ಜನ ಎಡವುವುದು ಇಲ್ಲೇ. ಒಂದೇ ಹಳ್ಳಿಯ ಐದಾರು ಹೊಲಗಳ ಮಾದರಿಗಳು ಒಂದೇ ಬಗೆಯ ಮಣ್ಣನ್ನು ಹಂಚಿಕೊಂಡಿರುತ್ತವೆ. ಅವನ್ನು ಒಂದಕ್ಕೊಂದು ಸಂಬಂಧವಿಲ್ಲದವು ಅಂತ ಲೆಕ್ಕ ಹಾಕಿದರೆ ದೋಷದ ಅಂದಾಜು ಇರಬೇಕಾದ್ದಕ್ಕಿಂತ ಚಿಕ್ಕದಾಗಬಹುದು, ತಳಿಗಳ ನಡುವೆ ಇಲ್ಲದ ವ್ಯತ್ಯಾಸ ಕಾಣಿಸಿಕೊಳ್ಳಬಹುದು. ಅದಕ್ಕೇ ಹಳ್ಳಿಯನ್ನು ರ್‍ಯಾಂಡಮ್ ಎಫೆಕ್ಟ್ ಆಗಿ ಇಟ್ಟು ಒಂದೇ ಹಳ್ಳಿಯ ಮಾದರಿಗಳ ನಂಟನ್ನೂ ಲೆಕ್ಕಕ್ಕೆ ಹಿಡಿಯುವ ಮಿಕ್ಸೆಡ್ ಮಾಡೆಲ್ ಹೂಡುವುದು. ಗೆಳೆಯ ‘ಹೀಗೆ ಮಾಡು’ ಅಂದ, ಅವಳು ಓದಿಕೊಂಡು, ಕೋಡ್ ಬರೆದು, ಫಲಿತಾಂಶ ತಾನೇ ಅರ್ಥ ಮಾಡಿಕೊಂಡಳು ಅಂತಿಟ್ಟುಕೊಳ್ಳಿ. ಆಗ ಕೃತಜ್ಞತೆ ಸಾಕು, ‘ಅಂಕಿಅಂಶ ಮಾಡೆಲಿನ ಆಯ್ಕೆಯ ಬಗ್ಗೆ ಸಲಹೆ ನೀಡಿದ’ ಅಂತ.

ಆದರೆ ಮಾಡೆಲ್ ಆರಿಸಿದವನು, ಕೋಡ್ ಬರೆದವನು, ಕೋಷ್ಟಕಕ್ಕೆ ಅರ್ಥ ಹೇಳಿದವನು ಎಲ್ಲವೂ ಗೆಳೆಯನೇ ಆಗಿದ್ದರೆ? ಮಹಾಪ್ರಬಂಧಕ್ಕೆ ಒಬ್ಬರೇ ಕರ್ತೃ, ಸಹಲೇಖಕರಿಗೆ ಅಲ್ಲಿ ಜಾಗವಿಲ್ಲ. ಲೇಖನದಲ್ಲಿ ಅವನು ಸಹಲೇಖಕ. ಪ್ರಬಂಧದಲ್ಲಿ ಆ ಅಧ್ಯಾಯದ ತಲೆಯಲ್ಲೇ ಸ್ಪಷ್ಟವಾಗಿ ಹೇಳಬೇಕು: ‘ಈ ಅಧ್ಯಾಯದ ಒಂದು ಭಾಗ ಸಹಲೇಖಕರೊಂದಿಗೆ ಪ್ರಕಟವಾಗಿದೆ. ಮಾದರಿ ಸಂಗ್ರಹ ಮತ್ತು ಬರವಣಿಗೆ ನನ್ನದು, ಎಎಎಸ್ ಅಳತೆ ನಡೆಸಿದವರು ಲ್ಯಾಬಿನ ತಂತ್ರಜ್ಞರು. ಅಂಕಿಅಂಶ ಮಾಡೆಲಿನ ರಚನೆ ಮತ್ತು ಕೋಡ್ ಎರಡನೇ ಲೇಖಕರದು.’ ಜೊತೆಗೆ ಆ ಲೇಖನದ ಉಲ್ಲೇಖ. ತನ್ನದೇ ಲೇಖನವಾದರೂ ಉಲ್ಲೇಖಿಸಲೇಬೇಕು. ಗೆಳೆಯನಿಗೆ ದುಡ್ಡು ಕೊಟ್ಟು ಮಾಡಿಸಿದ್ದರೂ ಲೆಕ್ಕ ಬದಲಾಗುವುದಿಲ್ಲ. ದುಡ್ಡು ಅವನ ಸಮಯಕ್ಕೆ ಸಂದಿತು, ವಿಚಾರ ಯಾರದು ಅನ್ನುವುದು ಹಾಗೇ ಉಳಿಯಿತು. ‘ಹಳ್ಳಿಯನ್ನು ಯಾಕೆ ರ್‍ಯಾಂಡಮ್ ಆಗಿಟ್ಟಿರಿ’ ಅಂತ ವೈವಾದಲ್ಲಿ ಕೇಳಿದಾಗ ಉತ್ತರ ಬರದಿದ್ದರೆ, ಅಧ್ಯಾಯದ ತಲೆಯಲ್ಲಿ ಏನು ಬರೆದಿದ್ದರೂ ಕಾಪಾಡುವುದಿಲ್ಲ.

ಗೆಳೆಯನಿಗೆ ಹೆಸರು ಕೊಟ್ಟ ಭರದಲ್ಲಿ ಸಾಫ್ಟ್‌ವೇರ್ ಮರೆತುಹೋಗುತ್ತದೆ. ಆರ್‌ನಲ್ಲಿ lme4 ಪ್ಯಾಕೇಜಿನಿಂದ ಮಿಕ್ಸೆಡ್ ಮಾಡೆಲ್ ಹೂಡಿದ್ದರೆ, ಅದನ್ನು ಲೋಡ್ ಮಾಡಿಕೊಂಡು ಈ ಎರಡು ಸಾಲು ಓಡಿಸಿ:

```
citation("lme4")
sessionInfo()
```

ಮೊದಲನೆಯದು ಆ ಪ್ಯಾಕೇಜನ್ನು ಹೇಗೆ ಉಲ್ಲೇಖಿಸಬೇಕು ಅಂತ ಕೊಡುತ್ತದೆ, ಎರಡನೆಯದು ಯಾವ ಆವೃತ್ತಿ ಬಳಸಿದಿರಿ ಅಂತ ತೋರಿಸುತ್ತದೆ. ಇದು ಆಧಾರ ಸೂಚಿಗೆ ಹೋಗುವ ವಿಷಯ, ಕೃತಜ್ಞತೆಗಲ್ಲ.

‘ಕೃತಜ್ಞತೆಯಲ್ಲಿ ಹೇಳಿದ್ದೇನಲ್ಲ, ಸಾಲದೇ?’ ಅನ್ನುವವರಿಗೆ ಎರಡು ಸಂಗತಿ ಹೇಳಬೇಕು. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಗಳಲ್ಲಿ ಬೇರೆ ಬರಹಗಳ ಜೊತೆ ಸಾಮ್ಯ ಶೇಕಡಾ 10ರವರೆಗೆ ಇದ್ದರೆ ದಂಡವಿಲ್ಲ. ಆ ಲೆಕ್ಕ ಹಾಕುವಾಗ ಮುನ್ನುಡಿ, ಕೃತಜ್ಞತೆ, ಆಧಾರ ಸೂಚಿಗಳನ್ನು ಹೊರಗಿಡುತ್ತಾರೆ. ಅಂದರೆ ಅಧ್ಯಾಯದೊಳಗೆ ಉಲ್ಲೇಖವಿಲ್ಲದೆ ಎತ್ತಿಕೊಂಡ ಪ್ಯಾರಾ ಸಾಮ್ಯದ ವರದಿಯಲ್ಲಿ ಹಾಗೇ ಕೆಂಪಾಗಿ ನಿಲ್ಲುತ್ತದೆ, ಕೃತಜ್ಞತೆಯಲ್ಲಿ ಅದರ ಒಡೆಯರಿಗೆ ಎಷ್ಟೇ ಕೈಮುಗಿದಿದ್ದರೂ. ಇನ್ನೊಂದು, ಮಹಾಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಅವು ಸಾಮಾನ್ಯವಾಗಿ ಅಧ್ಯಾಯಕ್ಕೊಂದು ಪಿಡಿಎಫ್ ಆಗಿ ಇರುತ್ತವೆ. ನಾಲ್ಕನೇ ಅಧ್ಯಾಯ ಮಾತ್ರ ಇಳಿಸಿಕೊಂಡು ಓದುವವರು ನಿಮ್ಮ ಕೃತಜ್ಞತೆಯ ಪುಟ ನೋಡುವುದೇ ಇಲ್ಲ.

ಕೊನೆಗೆ ರೈತರು. ಇದು ಮೇಲಿನ ಎಲ್ಲಕ್ಕಿಂತ ಸೂಕ್ಷ್ಮ. ನಮ್ಮ ರಾಗಿಯ ವಿದ್ಯಾರ್ಥಿನಿ ಸಂದರ್ಶನ ಮಾಡಿದ ಅರವತ್ತು ರೈತರಲ್ಲಿ ಒಬ್ಬರು ‘ಮಳೆ ತಡವಾದರೂ ಈ ತಳಿ ಕೈಬಿಡಲ್ಲ’ ಅಂದರು. ಅದು ದತ್ತಾಂಶ. ‘ರೈತ 14’ ಅಂತ ಸಂಕೇತ ಹಾಕಿ ಬಳಸಬೇಕು, ಉಲ್ಲೇಖದ ಹಾಗೆ ಹೆಸರು ಹಾಕಬಾರದು. ಆದರೆ ಒಬ್ಬ ಹಿರಿಯರು ತಳಿಗಳನ್ನು ತೆನೆಯ ಆಕಾರದ ಮೇಲೆ ವಿಂಗಡಿಸುವ ತಮ್ಮದೇ ಕ್ರಮ ಹೇಳಿಕೊಟ್ಟು, ಅವಳು ಅದರ ಮೇಲೆಯೇ ಮಾದರಿ ಆರಿಸಿದ್ದರೆ, ಅವರು ಮಾಹಿತಿದಾರರಷ್ಟೇ ಅಲ್ಲ, ಆ ವಿಚಾರದ ಮೂಲ. ಅವರ ಒಪ್ಪಿಗೆ ಪಡೆದು ವಾಕ್ಯದ ಪಕ್ಕದಲ್ಲೇ ಹೆಸರು, ‘ವೈಯಕ್ತಿಕ ಸಂವಹನ’, ದಿನಾಂಕ ಬರೆಯಬೇಕು. ಎಪಿಎ ಶೈಲಿಯಲ್ಲಿ ಇದು ಪಠ್ಯದೊಳಗೆ ಮಾತ್ರ ಬರುತ್ತದೆ, ಆಧಾರ ಸೂಚಿಗೆ ಹೋಗುವುದಿಲ್ಲ, ಯಾಕೆಂದರೆ ಓದುವವರು ಹೋಗಿ ತೆರೆದು ನೋಡುವಂಥದ್ದು ಅಲ್ಲೇನೂ ಇಲ್ಲ.

ಒಳ್ಳೆಯ ಮನಸ್ಸಿನಿಂದಲೇ ಕೆಡುವುದು ಇಲ್ಲಿ. ಮೂರನೇ ಅಧ್ಯಾಯದಲ್ಲಿ ‘ರೈತರ ಗುರುತು ಗೋಪ್ಯವಾಗಿಡಲಾಗಿದೆ’ ಅಂತ ಬರೆದಿರುತ್ತಾರೆ. ಕೃತಜ್ಞತೆಯಲ್ಲಿ ಅದೇ ಊರಿನ ಹತ್ತು ರೈತರ ಹೆಸರು ಸಾಲಾಗಿ ಹಾಕಿ ಕೈಮುಗಿದಿರುತ್ತಾರೆ. ನೂರು ಮನೆಯ ಊರಲ್ಲಿ ‘ರೈತ 14’ ಯಾರು ಅಂತ ಗುರುತಿಸಲು ಅಷ್ಟು ಸಾಕು. ಸಾಲ, ಜಮೀನಿನ ತಕರಾರು, ಬೀಜದ ಅಂಗಡಿಯವನ ಮೇಲಿನ ದೂರು, ಸಂದರ್ಶನದಲ್ಲಿ ಹೇಳಿದ್ದೆಲ್ಲ ಅವರ ತಲೆಗೆ ಬರುತ್ತದೆ. ಒಪ್ಪಿಗೆ ಪತ್ರದಲ್ಲೇ ಎರಡು ಪ್ರತ್ಯೇಕ ಸಾಲು ಇಡಿ: ಮಾತನ್ನು ಬಳಸಲು ಒಪ್ಪಿಗೆ ಇದೆಯೇ, ಹೆಸರು ಅಚ್ಚಾಗಲು ಒಪ್ಪಿಗೆ ಇದೆಯೇ. ಎರಡನೆಯದಕ್ಕೆ ‘ಇಲ್ಲ’ ಅಂದವರಿಗೆ ಊರಿನ ಹೆಸರನ್ನೂ ಬಿಟ್ಟು ‘ತಾಲ್ಲೂಕಿನ ರೈತರಿಗೆ’ ಅಂತ ಬರೆದರೆ ಸಾಕು, ಮತ್ತು ಪ್ರಬಂಧ ಸಲ್ಲಿಸುವ ಮುಂಚೆ ಕೃತಜ್ಞತೆಯ ಪುಟವನ್ನು ಮೂರನೇ ಅಧ್ಯಾಯದ ಜೊತೆ ಇಟ್ಟು ಒಮ್ಮೆ ತಾಳೆ ನೋಡಿ.