ಗ್ಲೈಸಿನ್ ಪುಡಿಯ ಅಗಲವಾದ ಪೀಕ್ ಒಳಗೆ ಏನಿದೆ?

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಕಾರ್ಬನ್ ಬಗ್ಗೆ ಮಾತಾಡ್ತೀನಿ, ಗ್ಲೈಸಿನ್‌ನ ಕಾರ್ಬಾಕ್ಸಿಲ್ ಕಾರ್ಬನ್. ಗ್ಲೈಸಿನ್ ಅನ್ನು ನೀರಿನಲ್ಲಿ ಕರಗಿಸಿ ಕಾರ್ಬನ್-13 ಎನ್‌ಎಂಆರ್ ತೆಗೆದರೆ, ಈ ಕಾರ್ಬನ್ 173 ಪಿಪಿಎಂ ಹತ್ತಿರ ಸೂಜಿಯಂಥ ಪೀಕ್ ಕೊಡುತ್ತದೆ. ಅಗಲ ಒಂದೆರಡು ಹರ್ಟ್ಸ್, ಅಷ್ಟೇ. ಅದೇ ಗ್ಲೈಸಿನ್ ಅನ್ನು ಪುಡಿಯಾಗಿಯೇ ಇಟ್ಟು, ತಿರುಗಿಸದೆ ತೆಗೆದರೆ 246ರಿಂದ 105 ಪಿಪಿಎಂವರೆಗೆ ಹರಡಿಕೊಂಡ ಒಂದು ದಿಬ್ಬ ಬರುತ್ತದೆ. 400 ಮೆಗಾಹರ್ಟ್ಸ್ ಯಂತ್ರದಲ್ಲಿ ಕಾರ್ಬನ್ ಸುಮಾರು 100 ಮೆಗಾಹರ್ಟ್ಸ್‌ನಲ್ಲಿ ಕೇಳಿಸುವುದರಿಂದ, ಇದು 14 ಕಿಲೋಹರ್ಟ್ಸ್ ಅಗಲ.

ಕಾರಣ ಎಲೆಕ್ಟ್ರಾನ್‌ಗಳಲ್ಲಿದೆ. ಕಾರ್ಬಾಕ್ಸಿಲ್ ಗುಂಪು ಚಪ್ಪಟೆ. ಅದರ ಸುತ್ತಲಿನ ಎಲೆಕ್ಟ್ರಾನ್‌ಗಳು ಎಲ್ಲ ದಿಕ್ಕಿಗೂ ಒಂದೇ ರೀತಿ ರಕ್ಷಣೆ ಕೊಡುವುದಿಲ್ಲ. ಮ್ಯಾಗ್ನೆಟ್‌ನ ಕ್ಷೇತ್ರ ಆ ಚಪ್ಪಟೆ ಮುಖಕ್ಕೆ ನೇರ ಲಂಬವಾಗಿ ಬಿದ್ದರೆ ರಕ್ಷಣೆ ಜಾಸ್ತಿ, ಪೀಕ್ 105ರ ಹತ್ತಿರ. ಮುಖದ ಸಮತಲದಲ್ಲೇ ಇರುವ ಇನ್ನೆರಡು ಮುಖ್ಯ ದಿಕ್ಕುಗಳಿಗೆ ಸುಮಾರು 179 ಮತ್ತು 246. ಇದೇ ಕೆಮಿಕಲ್ ಶಿಫ್ಟ್ ಅನೈಸೋಟ್ರೊಪಿ. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿ ನೋಡಿ, 177ರ ಹತ್ತಿರ ಬರುತ್ತದೆ.

ದ್ರಾವಣದಲ್ಲಿ ಈ ಸರಾಸರಿ ಸುಮ್ನೆ ಸಿಗುತ್ತದೆ. 14 ಕಿಲೋಹರ್ಟ್ಸ್ ವ್ಯತ್ಯಾಸ ಗೊತ್ತಾಗಬೇಕಾದರೆ ಸುಮಾರು 70 ಮೈಕ್ರೋಸೆಕೆಂಡ್ ಬೇಕು, ಅಷ್ಟರಲ್ಲಿ ನೀರಿನಲ್ಲಿರುವ ಗ್ಲೈಸಿನ್ ಅಣು ಲಕ್ಷಗಟ್ಟಲೆ ಸಲ ಮಗುಚಿ ಬಿದ್ದಿರುತ್ತದೆ. ಹಾಗಾಗಿ ಎಲ್ಲ ಅಣುವೂ ಒಂದೇ ಶಿಫ್ಟ್ ತೋರಿಸುತ್ತದೆ. (ಹರಳಿನಲ್ಲಿ ಸರಾಸರಿ 176.5, ನೀರಿನಲ್ಲಿ 173. ಅಣುವಿನ ಸುತ್ತಲ ಪರಿಸರ ಬೇರೆಯಾದ್ದರಿಂದ ಬಂದ ವ್ಯತ್ಯಾಸ ಅದು.)

ಈಗ ನಾನು ಒತ್ತಿ ಹೇಳಬೇಕಾದ ಮಾತು. ಪುಡಿಯ ಆ ದಿಬ್ಬವನ್ನು ಒಂದು ಅಗಲವಾದ ಪೀಕ್ ಅಂದುಕೊಳ್ಳಬೇಡಿ. ಪ್ರೋಟಾನ್‌ಗಳ ಮೇಲೆ ಜೋರಾಗಿ ರೇಡಿಯೋ ಪವರ್ ಹಾಕಿ ಅವುಗಳ ಪ್ರಭಾವ ತೆಗೆದ ಮೇಲೆ, ಪುಡಿಯ ಒಂದೊಂದು ಚಿಕ್ಕ ಹರಳೂ ತನ್ನ ದಿಕ್ಕಿಗೆ ತಕ್ಕಂತೆ ತೆಳುವಾದ ಪೀಕ್ ಅನ್ನೇ ಕೊಡುತ್ತಿರುತ್ತದೆ. ಹರಳುಗಳು ಎಲ್ಲ ದಿಕ್ಕಿಗೂ ಬಿದ್ದಿವೆ, ಪೀಕುಗಳು ಪಕ್ಕಪಕ್ಕ ಸೇರಿ ದಿಬ್ಬವಾಗಿವೆ. ದೊಡ್ಡದೊಂದು ಒಂಟಿ ಹರಳನ್ನು ಇಟ್ಟರೆ ದಿಬ್ಬ ಹೋಗಿ ತೆಳುವಾದ ಗೆರೆ ಬರುತ್ತದೆ, ಹರಳನ್ನು ತಿರುಗಿಸಿದಂತೆ ಅದು ಜಾಗ ಬದಲಿಸುತ್ತದೆ.

ಹೀಗಿರುವುದರಿಂದಲೇ ಮ್ಯಾಜಿಕ್ ಕೋನದ ತಿರುಗಾಟ ಇಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಪುಡಿಯನ್ನು ಜಿರ್ಕೋನಿಯಾ ರೋಟರ್‌ಗೆ ತುಂಬಿ, ಕ್ಷೇತ್ರಕ್ಕೆ 54.74 ಡಿಗ್ರಿ ಓರೆಯಾಗಿ ಗಾಳಿಯ ಒತ್ತಡದಿಂದ ತಿರುಗಿಸುತ್ತಾರೆ. ಆ ಕೋನದಲ್ಲಿ 3cos²θ − 1 ಸೊನ್ನೆ, ಹಾಗಾಗಿ ಒಂದು ಸುತ್ತಿನ ಸರಾಸರಿಯಲ್ಲಿ ದಿಕ್ಕಿನ ಪಾಲು ಅಳಿಸಿಹೋಗುತ್ತದೆ. 1958ರಲ್ಲಿ ಆಂಡ್ರ್ಯೂ, ಬ್ರಾಡ್‌ಬರಿ ಮತ್ತು ಈಡ್ಸ್, 1959ರಲ್ಲಿ ಲೋವ್ ಇದನ್ನು ಪ್ರಕಟಿಸಿದರು.

14 ಕಿಲೋಹರ್ಟ್ಸ್‌ಗಿಂತ ಜೋರಾಗಿ ತಿರುಗಿಸಲೇಬೇಕಾ? ಬೇಕಿಲ್ಲ. ಪ್ರತಿ ಸುತ್ತು ಮುಗಿದಾಗ ಎಲ್ಲ ಹರಳೂ ಮೊದಲಿನ ದಿಕ್ಕಿಗೇ ಬರುವುದರಿಂದ ಚದುರಿದ ಸಿಗ್ನಲ್ ಮತ್ತೆ ಒಟ್ಟಾಗುತ್ತದೆ. 5 ಕಿಲೋಹರ್ಟ್ಸ್‌ನಲ್ಲಿ ತಿರುಗಿಸಿದರೂ ದಿಬ್ಬ ಒಡೆದು ತೆಳುವಾದ ಗೆರೆಗಳ ಸಾಲಾಗುತ್ತದೆ: 176.5ರಲ್ಲಿ ನಿಜವಾದ ಪೀಕ್, ಅದರ ಎರಡೂ ಕಡೆ ಸುಮಾರು 50 ಪಿಪಿಎಂ ಅಂತರದಲ್ಲಿ ಸೈಡ್‌ಬ್ಯಾಂಡ್‌ಗಳು. ಪ್ರೋಟಾನ್‌ಗಳ ನಡುವಿನ ಜಗ್ಗಾಟದಿಂದ ಬರುವ ಅಗಲ ಹೀಗಲ್ಲ. ಅವು ಒಂದರ ಜೊತೆ ಒಂದು ಸ್ಪಿನ್ ಅದಲುಬದಲು ಮಾಡಿಕೊಳ್ಳುತ್ತಾ ಇರುತ್ತವೆ, ಸುತ್ತು ಮುಗಿದರೂ ಸಿಗ್ನಲ್ ಪೂರ್ತಿ ವಾಪಸ್ ಬರುವುದಿಲ್ಲ. ಅದಕ್ಕೆ ನಿಧಾನದ ತಿರುಗಾಟ ಸಾಲದು.

ಮೋಸ ಹೋಗುವುದು ಸೈಡ್‌ಬ್ಯಾಂಡ್‌ನಲ್ಲಿ. ಮೇಲಿನ ಲೆಕ್ಕದಲ್ಲಿ 127 ಪಿಪಿಎಂ ಹತ್ತಿರ ಒಂದು ಗೆರೆ ಬೀಳುತ್ತದೆ, ಅಲ್ವಾ? ಅದು ಬೆಂಜೀನ್ ಉಂಗುರದ ಕಾರ್ಬನ್ ಬರುವ ಜಾಗ. ಗ್ಲೈಸಿನ್‌ನಲ್ಲಿ ಉಂಗುರವೇ ಇಲ್ಲ ಅಂತ ನಮಗೆ ಗೊತ್ತು, ಆದರೆ ಗೊತ್ತಿಲ್ಲದ ಸ್ಯಾಂಪಲ್‌ನಲ್ಲಿ ಏನು ಮಾಡುತ್ತೀರಿ? ವೇಗವನ್ನು 6 ಕಿಲೋಹರ್ಟ್ಸ್‌ಗೆ ಬದಲಿಸಿ ಇನ್ನೊಮ್ಮೆ ತೆಗೆಯಿರಿ. ಆ ಗೆರೆ 117ಕ್ಕೆ ಸರಿಯುತ್ತದೆ, 176.5 ಮಾತ್ರ ಅಲ್ಲಾಡುವುದಿಲ್ಲ. ಎತ್ತರ ನೋಡಿ ತೀರ್ಮಾನಿಸಬೇಡಿ, ನಿಧಾನವಾಗಿ ತಿರುಗುವಾಗ ಸೈಡ್‌ಬ್ಯಾಂಡ್ ನಿಜವಾದ ಪೀಕ್‌ಗಿಂತ ಎತ್ತರ ಇರಬಹುದು.

ಎಷ್ಟು ಜೋರಾಗಿ ತಿರುಗಿಸಿದರೂ ಪೀಕ್ ಅಗಲವಾಗಿಯೇ ಉಳಿದರೆ ಮೊದಲು ಕೋನ ನೋಡಿ. ಅರ್ಧ ಡಿಗ್ರಿ ತಪ್ಪಿದರೆ ದಿಬ್ಬದ ಶೇಕಡ 1.2ರಷ್ಟು ಉಳಿದುಬಿಡುತ್ತದೆ, ಅಂದರೆ ಈ ಕಾರ್ಬನ್‌ಗೆ ಸುಮಾರು 170 ಹರ್ಟ್ಸ್. ಅದಕ್ಕೇ ಮೊದಲು ಪೊಟ್ಯಾಸಿಯಂ ಬ್ರೋಮೈಡ್ ಇಟ್ಟು, ಬ್ರೋಮಿನ್-79ರ ಸಿಗ್ನಲ್‌ನಲ್ಲಿ ಸುತ್ತುಸುತ್ತಿಗೂ ಬರುವ ಪ್ರತಿಧ್ವನಿ ಅತಿ ಹೆಚ್ಚು ಹೊತ್ತು ಉಳಿಯುವ ಹಾಗೆ ಕೋನ ಸರಿಮಾಡಿಕೊಳ್ಳುತ್ತಾರೆ.

ಇನ್ನು ದೊಡ್ಡ ಮ್ಯಾಗ್ನೆಟ್‌ಗೆ ಹೋದರೆ ಎಲ್ಲ ಸಲೀಸು ಅಂತಲೂ ಅಲ್ಲ. 800 ಮೆಗಾಹರ್ಟ್ಸ್ ಯಂತ್ರದಲ್ಲಿ ಅದೇ 140 ಪಿಪಿಎಂ 28 ಕಿಲೋಹರ್ಟ್ಸ್ ಆಗುತ್ತದೆ, ಸೈಡ್‌ಬ್ಯಾಂಡ್‌ಗಳನ್ನು ಅಷ್ಟೇ ದೂರ ತಳ್ಳಲು ವೇಗ ಎರಡು ಪಟ್ಟು ಬೇಕು. ಆದರೆ ಯಾವಾಗಲೂ ಅವನ್ನು ತಳ್ಳಿಬಿಡಬೇಕು ಅಂತ ನನಗೆ ಅನಿಸುವುದಿಲ್ಲ. ಬೇಕೆಂತಲೇ ನಿಧಾನವಾಗಿ ತಿರುಗಿಸಿ, ಸೈಡ್‌ಬ್ಯಾಂಡ್‌ಗಳ ಎತ್ತರ ಅಳೆದು, 246, 179, 105 ಎಂಬ ಮೂರೂ ಅಂಕಿಗಳನ್ನು ಲೆಕ್ಕ ಹಾಕಿ ವಾಪಸ್ ಪಡೆಯಬಹುದು. ಹರ್ಜ್‌ಫೆಲ್ಡ್ ಮತ್ತು ಬರ್ಗರ್ 1980ರಲ್ಲಿ ಅದರ ದಾರಿ ತೋರಿಸಿದರು. ದ್ರಾವಣದ ಆ ಸೂಜಿಯಂಥ ಪೀಕ್‌ನ ಜಾಗದಿಂದ ಈ ಮೂರು ಅಂಕಿ ಸಿಗುವುದಿಲ್ಲ, ಅಲ್ಲಿ ಸರಾಸರಿ ಒಂದೇ ಉಳಿದಿರುತ್ತದೆ.